VWAP ರೇಖೆ ನಿನ್ನೆಯದನ್ನು ಏಕೆ ಮರೆಯುತ್ತದೆ?

“ಚಲಿಸುವ ಸರಾಸರಿ ನಿನ್ನೆಯಿಂದ ಮುಂದುವರಿಯುತ್ತದೆ, VWAP ಮಾತ್ರ ದಿನವೂ ಹೊಸದಾಗಿ ಶುರುವಾಗುತ್ತದೆ. ನಿನ್ನೆಯ ಮಾಹಿತಿಯನ್ನು ಏಕೆ ಬಿಸಾಡಬೇಕು?”

VWAP, ಅಂದರೆ ವಹಿವಾಟಿನ ಗಾತ್ರಕ್ಕೆ ತಕ್ಕ ತೂಕ ಕೊಟ್ಟ ಸರಾಸರಿ ಬೆಲೆ, ಮೂಲತಃ ದಿಕ್ಕು ತೋರಿಸುವ ಸೂಚಕವಲ್ಲ, ಅಳತೆಗೋಲು. ಪ್ರತಿ ವಹಿವಾಟಿನ ಬೆಲೆಯನ್ನು ಅದರ ಷೇರುಗಳ ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಷೇರುಗಳಿಂದ ಭಾಗಿಸಿದರೆ ಇವತ್ತು ಕೊಂಡವರೆಲ್ಲ ಸರಾಸರಿ ಎಷ್ಟು ಕೊಟ್ಟರೆಂದು ತಿಳಿಯುತ್ತದೆ. ಒಂದು ನಿಧಿ ತನ್ನ ದಲ್ಲಾಳಿಯ ಕೆಲಸವನ್ನು ಹಲವು ಸಲ ಅಳೆಯುವುದು ಇದರಿಂದ.

ನಿನ್ನೆ 10 ಲಕ್ಷ ಷೇರುಗಳು ಸರಾಸರಿ 100ಕ್ಕೆ ಕೈಬದಲಾಯಿಸಿದವು ಎನ್ನೋಣ. ರಾತ್ರಿ ಒಳ್ಳೆಯ ಸುದ್ದಿ ಬಂದು, ಇವತ್ತು ಮೊದಲ ಕಾಲು ಗಂಟೆಯಲ್ಲಿ 50,000 ಷೇರುಗಳು ಸರಾಸರಿ 106ಕ್ಕೆ ಮಾರಾಟವಾದವು. ಎರಡೂ ದಿನ ಬೆರೆಸಿದರೆ ಸರಾಸರಿ ಸುಮಾರು 100.29. ಆ ಬೆಲೆಗೆ ಇವತ್ತು ಯಾರಿಗೂ ಒಂದು ಷೇರೂ ಸಿಕ್ಕಿಲ್ಲ! 106.40ಕ್ಕೆ ಕೊಂಡ ದಲ್ಲಾಳಿ ನಿಜವಾಗಿ ಹೆಚ್ಚು ಕೊಟ್ಟಿದ್ದು 0.40, ಬೆರೆಸಿದ ಲೆಕ್ಕದಲ್ಲಿ 6ಕ್ಕಿಂತ ಹೆಚ್ಚು. ಸಿಗದ ಬೆಲೆಗೆ ಹೋಲಿಸುವುದು ಅನ್ಯಾಯ.

ದಿನದೊಳಗೂ ಇದೇ ಜಡತೆ ಕಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಸೇರಿಕೊಂಡ ಗಾತ್ರ ಎಷ್ಟು ದೊಡ್ಡದಿರುತ್ತದೆಂದರೆ ಹೊಸ ವಹಿವಾಟು ರೇಖೆಯನ್ನು ಅಲುಗಿಸುವುದೇ ಕಷ್ಟ. ಹಾಗಾಗಿ ಮಧ್ಯಾಹ್ನ ಬಂದ ಆದೇಶವನ್ನು ಅದು ಬಂದ ಕ್ಷಣದಿಂದ ಲೆಕ್ಕ ಹಾಕಿದ ಸರಾಸರಿಗೆ ಹೋಲಿಸಿ.

ಇನ್ನೊಂದು ಎಚ್ಚರಿಕೆ: ದಿನದ ವಹಿವಾಟಿನ ಅರ್ಧದಷ್ಟು ನಿಮ್ಮದೇ ಆಗಿದ್ದರೆ ಸರಾಸರಿಯೂ ನಿಮ್ಮ ಬೆಲೆಯತ್ತಲೇ ವಾಲುತ್ತದೆ. ಆಗ ವ್ಯತ್ಯಾಸ ಚಿಕ್ಕದಾಗಿ ಕಾಣುವುದು ಜಾಣ್ಮೆಯಿಂದಲ್ಲ. ಅಂಥ ಆದೇಶವನ್ನು, ಅದು ಕೈಗೆ ಬಂದಾಗ ಇದ್ದ ಬೆಲೆಯೊಂದಿಗೆ ಹೋಲಿಸಬೇಕು.