ಪಾದ ಹೊರಳಬೇಕಾದದ್ದು ಎಲ್ಲಿಂದ?

*ಮಾನ್ಯ ಸಂಪಾದಕರೇ, ಆರು ವರ್ಷದಿಂದ ಫ್ರೀಸ್ಟೈಲ್ ಈಜುತ್ತಿದ್ದೇನೆ. ಕಿಕ್‌ಬೋರ್ಡ್ ಹಿಡಿದು ಫ್ಲಟರ್ ಕಿಕ್ ಹೊಡೆದರೆ 25 ಮೀಟರ್ ಸಲೀಸು. ಈಗ ಬ್ರೆಸ್ಟ್‌ಸ್ಟ್ರೋಕ್ ಕಲಿಯಲು ಹೊರಟರೆ ಅಷ್ಟೇ ದೂರಕ್ಕೆ 30 ಕಿಕ್ ಬೇಕಾಗುತ್ತಿದೆ, ಸಾಲದ್ದಕ್ಕೆ ಮಂಡಿಯ ಒಳಬದಿ ನೋಯುತ್ತದೆ. ಪಾದ ಹೊರಕ್ಕೆ ತಿರುಗಿಸಿ ಅನ್ನುತ್ತಾರೆ ತರಬೇತುದಾರರು. ನಾನು ತಿರುಗಿಸುತ್ತಲೇ ಇದ್ದೇನೆ. ಒಂದು ಕಿಕ್ ಬಂದವನಿಗೆ ಇನ್ನೊಂದು ಯಾಕೆ ಬರುವುದಿಲ್ಲ? — ಒಬ್ಬ ಓದುಗ*

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು 30 ಎಂಬ ಲೆಕ್ಕವಲ್ಲ, ಕೊನೆಗೆ ಹೇಳಿದ ಮಂಡಿನೋವು. ಕಿಕ್ ಮುಂದಕ್ಕೆ ಒಯ್ಯದಿರುವುದೂ ಮಂಡಿ ನೋಯುವುದೂ ಬಹುಮಟ್ಟಿಗೆ ಒಂದೇ ತಪ್ಪಿನ ಎರಡು ಮುಖಗಳು. ಪಾದವನ್ನು ನೀವು ತಿರುಗಿಸುತ್ತಿರುವುದು ನಿಜವೇ ಇರಬಹುದು, ಆದರೆ ಯಾವ ಕೀಲಿನಿಂದ ತಿರುಗಿಸುತ್ತಿದ್ದೀರಿ ಎಂಬುದನ್ನು ನೋಡಬೇಕಾಗಿದೆ.

ಮೊದಲು ನಿಮಗೆ ಬರುವ ಕಿಕ್ಕನ್ನೇ ನೋಡೋಣ. ಫ್ಲಟರ್ ಕಿಕ್ ಸೊಂಟದ ಕೀಲಿನಲ್ಲಿ ಹುಟ್ಟುತ್ತದೆ. ತೊಡೆ ಕೆಳಗಿಳಿಯುತ್ತದೆ, ಮಂಡಿ ತುಸು ಬಾಗಿ ಹಿಂದೆ ಉಳಿಯುತ್ತದೆ, ಆಮೇಲೆ ಕಣಕಾಲೂ ಪಾದವೂ ಚಾಟಿಯ ತುದಿಯಂತೆ ಬೀಸಿಕೊಂಡು ಬರುತ್ತವೆ. ಇಲ್ಲಿ ಕಾಲು ಮೇಲೆ ಕೆಳಗೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಹೋಗುವುದಿಲ್ಲ. ಆದರೂ ದೇಹ ಮುಂದೆ ಸಾಗುವುದು ಯಾಕೆಂದರೆ, ಬೆರಳುಗಳನ್ನು ಹಿಂದಕ್ಕೆ ಚಾಚಿದ ಪಾದದ ಮೇಲ್ಭಾಗ ನೀರಿಗೆ ಓರೆಯಾಗಿರುತ್ತದೆ, ಕೆಳಕ್ಕೆ ಬಡಿದಾಗ ನೀರನ್ನು ಕೆಳಕ್ಕೂ ಹಿಂದಕ್ಕೂ ತಳ್ಳುತ್ತದೆ. ಮೀನಿನ ಬಾಲ ಅಕ್ಕಪಕ್ಕ ಬೀಸಿಯೂ ಮೀನನ್ನು ಮುಂದೊಯ್ಯುವುದು ಹೀಗೆಯೇ. ಪಾದ ಚೆನ್ನಾಗಿ ಚಾಚಿಕೊಳ್ಳದವರು ಬೋರ್ಡ್ ಹಿಡಿದು ಎಷ್ಟು ಬಡಿದರೂ ಕದಲುವುದಿಲ್ಲ, ಕೆಲವರು ಹಿಂದಕ್ಕೂ ಸರಿಯುತ್ತಾರೆ. ನಿಮ್ಮ ಪಾದ ಚಾಚುವುದನ್ನು ಆರು ವರ್ಷ ಕಲಿತಿದೆ, ಅದನ್ನೇ ಬ್ರೆಸ್ಟ್‌ಸ್ಟ್ರೋಕಿಗೂ ಕೊಂಡೊಯ್ಯುತ್ತಿದೆ.

ಬ್ರೆಸ್ಟ್‌ಸ್ಟ್ರೋಕಿನಲ್ಲಿ ನೀರನ್ನು ಹಿಡಿಯುವ ಮೈ ಬೇರೆಯೇ. ಅಲ್ಲಿ ಅಂಗಾಲು, ಪಾದದ ಒಳ ಅಂಚು ಮತ್ತು ಕಣಕಾಲಿನ ಒಳಬದಿ ಸೇರಿ ದೋಣಿಯ ಹುಟ್ಟಿನಂತಾಗಬೇಕು. ಆ ಹುಟ್ಟು ಹಿಂದಕ್ಕೆ ಮುಖಮಾಡಿ ಹೊರಕ್ಕೆ, ಹಿಂದಕ್ಕೆ, ಕೊನೆಗೆ ಒಳಕ್ಕೆ ಕಮಾನಿನಂತೆ ಬೀಸಬೇಕು. ಹೊರಕ್ಕೆ ಹೋಗುವಾಗ ಸಿಗುವ ನೂಕು ಅಲ್ಪ. ನಿಜವಾದ ಒತ್ತು ಬರುವುದು ಹಿಂದಕ್ಕೂ ಒಳಕ್ಕೂ ಬರುವಾಗ. ಈ ಹುಟ್ಟನ್ನು ಸಜ್ಜುಗೊಳಿಸುವ ಕೆಲಸವನ್ನು ಮೂರು ಕೀಲುಗಳು ಹಂಚಿಕೊಳ್ಳುತ್ತವೆ. ಪಾದದ ಕೀಲು ಬೆರಳುಗಳನ್ನು ಕಣಕಾಲಿನ ಕಡೆಗೆ ಎಳೆದು ಅಂಗಾಲು ಹಿಂದೆ ನೋಡುವಂತೆ ಮಾಡುತ್ತದೆ. ಮಂಡಿ, ಬಾಗಿರುವಾಗ ಮಾತ್ರ, ಕಣಕಾಲನ್ನು ಅದರ ಉದ್ದದ ಗುಂಟ ತಿರುಚಿ ಬೆರಳುಗಳನ್ನು ಹೊರಕ್ಕೆ ಹೊರಳಿಸುತ್ತದೆ. ಹಿಮ್ಮಡಿಯನ್ನು ಮಂಡಿಗಿಂತ ಹೊರಗೆ ಒಯ್ಯುವ ಕೆಲಸ ಮಾತ್ರ ಸೊಂಟದ ಕೀಲಿನದು. ಬೇರೆ ಯಾವ ಕೀಲೂ ಅದನ್ನು ಮಾಡಲಾರದು.

ಇಲ್ಲೊಂದು ವಿಚಿತ್ರವಿದೆ, ನನಗೆ ಇದು ಅರ್ಥವಾಗುವುದಕ್ಕೆ ಬಹಳ ಕಾಲ ಹಿಡಿಯಿತು. ಪಾದ ಹೊರಹೋಗಬೇಕಾದರೆ ತೊಡೆ ಒಳಕ್ಕೆ ತಿರುಗಬೇಕು. ಬೋರಲು ಮಲಗಿ, ಎರಡೂ ಮಂಡಿ ಜೋಡಿಸಿ, ಕಣಕಾಲುಗಳನ್ನು ನೇರ ಮೇಲಕ್ಕೆತ್ತಿ. ಈಗ ಪಾದಗಳನ್ನು ಅವುಗಳ ಪಾಡಿಗೆ ಎರಡು ಬದಿಗೂ ಬೀಳಲು ಬಿಡಿ. ಪಾದ ಹೊರಗೆ ಬಿತ್ತು, ತೊಡೆಯ ಮೂಳೆ ಸೊಂಟದ ಗೂಡಿನೊಳಗೆ ಒಳಮುಖವಾಗಿ ಹೊರಳಿತು. ಅದೇ ಒಳಹೊರಳು ಮಂಡಿ ನೇರವಾಗಿದ್ದಾಗ ಕಾಲಿನ ಹೆಬ್ಬೆರಳುಗಳನ್ನು ಒಂದಕ್ಕೊಂದು ಹತ್ತಿರ ತರುತ್ತದೆ. ಫ್ಲಟರ್ ಕಿಕ್ಕಿನಲ್ಲಿ ನಿಮ್ಮ ಹೆಬ್ಬೆರಳುಗಳು ಆಗಾಗ ಸವರಿಕೊಂಡು ಹೋಗುವುದು ಅದರಿಂದಲೇ. ಆ ಚಲನೆ ನಿಮಗೆ ಹೊಸದಲ್ಲ. ಮಂಡಿ ಬಾಗಿದಾಗ ಅದು ಪಾದವನ್ನು ತದ್ವಿರುದ್ಧ ದಿಕ್ಕಿಗೆ ಎಸೆಯುತ್ತದೆ ಎಂಬುದಷ್ಟೇ ಹೊಸದು.

ಬೋರಲು ಮಲಗಿದ ಆ ಭಂಗಿಯೇ ಒಳ್ಳೆಯ ಅಳತೆಗೋಲು. ಯಾರಾದರೂ ಪಕ್ಕದಲ್ಲಿದ್ದು, ನೇರ ಮೇಲ್ಮುಖದಿಂದ ಕಣಕಾಲು ಎಷ್ಟು ಡಿಗ್ರಿ ವಾಲಿತೆಂದು ನೋಡಲಿ. ಒತ್ತಿ ಬಗ್ಗಿಸುವುದು ಬೇಡ. ಬಹಳ ಜನರಲ್ಲಿ 40 ಡಿಗ್ರಿಯ ಆಸುಪಾಸು ಇರುತ್ತದೆ, ಕೆಲವರಲ್ಲಿ 20ಕ್ಕೇ ನಿಂತುಬಿಡುತ್ತದೆ. ಮಂಡಿಯಿಂದ ಹಿಮ್ಮಡಿಗೆ 40 ಸೆಂಟಿಮೀಟರ್ ಎಂದು ಹಿಡಿದರೆ, 40 ಡಿಗ್ರಿ ಹೊರಳುವವರ ಹಿಮ್ಮಡಿ ಮಂಡಿಯ ರೇಖೆಯಿಂದ ಸುಮಾರು 26 ಸೆಂಟಿಮೀಟರ್ ಹೊರಗೆ ಹೋಗುತ್ತದೆ. 20 ಡಿಗ್ರಿಯವರದು 14ರಲ್ಲೇ ನಿಲ್ಲುತ್ತದೆ. ಆ 12 ಸೆಂಟಿಮೀಟರಿನ ಕೊರತೆಯಲ್ಲಿ ನಿಮ್ಮ ನೋವಿನ ಮೂಲವಿರಬಹುದೆಂದು ನನ್ನ ಊಹೆ. ತರಬೇತುದಾರರು ಪಾದ ಹೊರಗೆ ಎಂದಾಗ ಸೊಂಟ ಕೊಡದಿದ್ದುದನ್ನು ಈಜುಗಾರ ಮಂಡಿಯಿಂದ ಕಿತ್ತುಕೊಳ್ಳಲು ನೋಡುತ್ತಾನೆ. ಮಂಡಿಗೆ ಅಡ್ಡಕ್ಕೆ ಬಾಗುವ ಸ್ವಭಾವವೇ ಇಲ್ಲ. ಹಾಗೆ ಬಾಗದಂತೆ ಅದನ್ನು ತಡೆದು ಹಿಡಿದಿರುವುದು ಒಳಬದಿಯ ಲಿಗಮೆಂಟ್, ಎಳೆತವೆಲ್ಲ ಹೋಗಿ ಬೀಳುವುದು ಅದರ ಮೇಲೆ. ಬ್ರೆಸ್ಟ್‌ಸ್ಟ್ರೋಕ್ ಈಜುಗಾರರಲ್ಲಿ ಈ ನೋವು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದನ್ನು ಈ ಈಜಿನ ಹೆಸರಿನಿಂದಲೇ ಕರೆಯುತ್ತಾರೆ.

ಎಳೆತ ಕೆಡುಕು ಮಾಡುವ ಗಳಿಗೆಯನ್ನೂ ಗುರುತಿಸಬಹುದು. ಮಂಡಿ ಲಂಬಕೋನದಲ್ಲಿ ಬಾಗಿರುವಾಗ ಕಣಕಾಲು ಹೊರಕ್ಕೆ 30ರಿಂದ 40 ಡಿಗ್ರಿ ತಿರುಚಿಕೊಳ್ಳಬಲ್ಲದು. ಕಾಲು ನೇರವಾಗುತ್ತ ಬಂದಂತೆ ಆ ಅವಕಾಶ ಕಿರಿದಾಗುತ್ತ ಹೋಗಿ ಕೊನೆಗೆ ಮಂಡಿ ಬೀಗ ಹಾಕಿಕೊಂಡಂತೆ ಬಿಗಿಯಾಗುತ್ತದೆ. ಆದ್ದರಿಂದ ಕಿಕ್ಕಿನ ಮೊದಲ ಭಾಗದಲ್ಲಿ ಹೊರಮುಖವಾಗಿದ್ದ ಪಾದ, ಕಾಲುಗಳು ಕೂಡುವ ಹೊತ್ತಿಗೆ ತಾನಾಗಿ ಬಿಚ್ಚಿಕೊಂಡು ಚಾಚಿಕೊಳ್ಳಬೇಕು. ನೀವು ಮಾತನ್ನು ಅತಿ ನಿಷ್ಠೆಯಿಂದ ಪಾಲಿಸಿ ಕೊನೆಯವರೆಗೂ ಪಾದವನ್ನು ಹೊರಕ್ಕೇ ಹಿಡಿದಿದ್ದರೆ, ಬೀಗ ಬೀಳುತ್ತಿರುವ ಕೀಲನ್ನು ತಿರುಚಿದಂತಾಗುತ್ತದೆ. ಹಾಗೆಯೇ ಮಂಡಿಗಳನ್ನು ತೀರ ಅಗಲಿಸಿ ಕಾಲುಗಳನ್ನು ರಪ್ಪನೆ ಕೂಡಿಸುವುದೂ ಒಳಬದಿಯನ್ನೇ ಎಳೆಯುತ್ತದೆ. ಹಳೆಯ ಅಗಲ ಕಿಕ್ಕಿನ ಬದಲು ಮಂಡಿಗಳನ್ನು ಹತ್ತಿರವಿಟ್ಟು ಬೀಸುವ ವಿಪ್ ಕಿಕ್ಕನ್ನು 1960ರ ಆಸುಪಾಸಿನಲ್ಲಿ ಅಮೆರಿಕದ ತರಬೇತುದಾರ ಜೇಮ್ಸ್ ಕೌನ್ಸಿಲ್ಮನ್ ಮತ್ತು ಅವರ ಶಿಷ್ಯ ಚೆಟ್ ಜಾಸ್ಟ್ರೆಮ್ಸ್ಕಿ ಬೆಳಕಿಗೆ ತಂದರು. ಕಿರಿದಾದ ಕಿಕ್ ವೇಗದ್ದು, ಸರಿ. ಆದರೆ ಅದು ಸೊಂಟದಿಂದ ಹೆಚ್ಚು ಹೊರಳುವಿಕೆಯನ್ನು ಕೇಳುತ್ತದೆ. 20 ಡಿಗ್ರಿಯ ಸೊಂಟದವರು ಮಂಡಿಗಳನ್ನು ಸೊಂಟದಗಲಕ್ಕಿಂತ ತುಸು ಹೆಚ್ಚೇ ಬಿಡಿಸಿಕೊಳ್ಳುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ತೊಡೆಗಳ ನಡುವೆ ಪುಲ್ ಬಾಯ್ ಎಂಬ ತೇಲುವ ಫೋಮ್ ತುಂಡನ್ನು ಸಿಕ್ಕಿಸಿ ಮಂಡಿ ಜೋಡಿಸಿಯೇ ಕಿಕ್ ಹೊಡೆಯುವ ಅಭ್ಯಾಸ ಅಂಥವರಿಗೆ ಹೇಳಿದ್ದಲ್ಲ.

ಇನ್ನು ನೂಕಿನ ರೀತಿ. ಫ್ಲಟರ್ ಕಿಕ್ಕಿನಲ್ಲಿ ಒಂದು ಕಾಲು ಇಳಿಯುವಾಗ ಇನ್ನೊಂದು ಏರುತ್ತಿರುತ್ತದೆ. ಚಿಕ್ಕ ಚಿಕ್ಕ ನೂಕುಗಳು ಬಿಡುವಿಲ್ಲದೆ ಬರುವುದರಿಂದ ವೇಗ ಹೆಚ್ಚು ಏರಿಳಿಯುವುದಿಲ್ಲ, ಕಾಲನ್ನು ಮುಂದಕ್ಕೆ ಮರಳಿ ತರುವ ಪ್ರಶ್ನೆಯೂ ಇಲ್ಲ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೆ ಕಾಲಿನಿಂದ ಒಂದೇ ದೊಡ್ಡ ನೂಕು. ಅದನ್ನು ಕೊಟ್ಟ ಕಾಲುಗಳನ್ನೇ ಮತ್ತೆ ಮಡಿಸಿ, ನಾವು ಹೋಗುತ್ತಿರುವ ದಿಕ್ಕಿಗೇ ಎಳೆದುಕೊಳ್ಳಬೇಕು. ಆಗ ನೀರು ನಮ್ಮನ್ನು ತಡೆಯುತ್ತದೆ. ತಡೆ ವೇಗದ ವರ್ಗಕ್ಕೆ ತಕ್ಕಂತೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಸೆಕೆಂಡಿಗೆ 1 ಮೀಟರಿನಂತೆ ಸಮವಾಗಿ ಹೋಗುವವನಿಗೆ ಬೇಕಾದ ಶಕ್ತಿ 1 ಎಂದುಕೊಳ್ಳಿ. ಅರ್ಧ ಹೊತ್ತು 1.5ರಲ್ಲಿ, ಅರ್ಧ ಹೊತ್ತು 0.5ರಲ್ಲಿ ಹೋಗುವವನ ಸರಾಸರಿಯೂ ಅಷ್ಟೇ ವೇಗ, ಆದರೆ ಶಕ್ತಿ 3.375 ಮತ್ತು 0.125ರ ಸರಾಸರಿ, ಅಂದರೆ 1.75. ಕಾಲು ಮಡಿಸಿದಾಗ ತಡೆಯ ಮೈ ದೊಡ್ಡದಾಗುವುದನ್ನು ಈ ಲೆಕ್ಕ ಸೇರಿಸಿಕೊಂಡೂ ಇಲ್ಲ. 100 ಮೀಟರ್ ಬ್ರೆಸ್ಟ್‌ಸ್ಟ್ರೋಕಿನಲ್ಲಿ ಆ್ಯಡಮ್ ಪೀಟಿ 2019ರಲ್ಲಿ 56.88 ಸೆಕೆಂಡಿನ ದಾಖಲೆ ಬರೆದರೆ, ಫ್ರೀಸ್ಟೈಲಿನಲ್ಲಿ ಪಾನ್ ಝಾನ್ಲೆ 2024ರಲ್ಲಿ 46.40ಕ್ಕೆ ಮುಟ್ಟಿದ್ದರ ಹಿಂದೆ ಈ ಏರಿಳಿತದ ಪಾಲು ದೊಡ್ಡದು.

ನಿಮ್ಮ 30 ಕಿಕ್ಕಿಗೂ ಇದಕ್ಕೂ ಸಂಬಂಧವಿದೆ. 25 ಮೀಟರಿಗೆ 30 ಎಂದರೆ ಒಂದು ಕಿಕ್ಕಿಗೆ 83 ಸೆಂಟಿಮೀಟರ್. ಅಷ್ಟು ಕಡಿಮೆ ಸಿಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಚಾಚಿದ ಪಾದ ನೀರನ್ನು ಹಿಡಿಯದೆ ಜಾರಿಬರುತ್ತದೆ, ಇಲ್ಲವೇ ಮಂಡಿಗಳನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ತೊಡೆಯೇ ನೀರಿಗೆ ಅಡ್ಡಗೋಡೆಯಾಗುತ್ತದೆ. ಮಡಿಸಬೇಕಾದ್ದು ಹೆಚ್ಚಾಗಿ ಮಂಡಿಯನ್ನು, ಸೊಂಟವನ್ನಲ್ಲ. ಹಿಮ್ಮಡಿಗಳು ಪೃಷ್ಠದ ಕಡೆಗೆ ಬರಲಿ, ತೊಡೆಗಳು ಮುಂಡದ ರೇಖೆಯಿಂದ ಸುಮಾರು 50 ಡಿಗ್ರಿ ಇಳಿದರೆ ಸಾಕು. ಮಡಿಸುವಾಗ ಪಾದಗಳು ಸಡಿಲವಾಗಿ ತೊಡೆಗಳ ಮರೆಯಲ್ಲೇ ಬರಲಿ. ಹಿಮ್ಮಡಿ ಮೇಲೆ ಮುಟ್ಟಿದ ಮೇಲಷ್ಟೇ ಬೆರಳೆಳೆದು ಹೊರಳಿಸಬೇಕು. ಇದಕ್ಕೆ ಮುಂಚೆಯೇ ಹೊರಳಿಸಿದರೆ ನೀವೇ ಬ್ರೇಕ್ ಹಾಕಿದಂತೆ, ತಡವಾದರೆ ಕಿಕ್ಕಿನ ಅರ್ಧ ವ್ಯರ್ಥ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಚರ್ಮವೇ ಸಾಕು. ಒತ್ತಡ ಪಾದದ ಮೇಲ್ಭಾಗದಲ್ಲಿ ಅನ್ನಿಸಿದರೆ ನೀವಿನ್ನೂ ಫ್ಲಟರ್ ಪಾದದಲ್ಲೇ ಇದ್ದೀರಿ. ಪಾದದ ಒಳ ಅಂಚು, ಕಣಕಾಲಿನ ಒಳಬದಿಗಳಲ್ಲಿ ಅನ್ನಿಸಿದರೆ ನೀರು ಸಿಕ್ಕಿದೆ. ಕೊಳದ ಅಂಚು ಹಿಡಿದು ಕಿಕ್ ಹೊಡೆಯುವಾಗ ಗೆಳೆಯರೊಬ್ಬರು ಹಿಂದೆ ನಿಂತು ನೋಡಲಿ: ಕಾಲು ಪೂರ್ತಿ ಮಡಿಸಿದ ಗಳಿಗೆಯಲ್ಲಿ ಎರಡೂ ಅಂಗಾಲು ಅವರಿಗೆ ಪೂರ್ಣವಾಗಿ ಕಾಣಬೇಕು. ಒಂದು ಮಾತ್ರ ಕಂಡರೆ ಒಂದು ಬದಿಯ ಸೊಂಟ ಕಡಿಮೆ ಹೊರಳುತ್ತಿದೆ ಎಂದರ್ಥ. ಸ್ಪರ್ಧೆಯಲ್ಲಾದರೆ ಅದು ಅನರ್ಹತೆಗೂ ದಾರಿ. ನೂಕುವಾಗ ಪಾದಗಳೆರಡೂ ಹೊರಮುಖವಾಗಿರಬೇಕೆಂಬುದು ಬ್ರೆಸ್ಟ್‌ಸ್ಟ್ರೋಕಿನ ನಿಯಮ.

ಅಭ್ಯಾಸಕ್ಕೆ ಒಂದನ್ನೇ ಹೇಳುತ್ತೇನೆ. ಅಂಗಾತ ಮಲಗಿ ಇದೇ ಕಿಕ್ ಹೊಡೆಯಿರಿ, ಮಂಡಿಗಳು ನೀರಿನಿಂದ ಮೇಲೇಳದಂತೆ ನೋಡಿಕೊಳ್ಳಿ. ಮಂಡಿ ಮೇಲೆದ್ದರೆ ಸೊಂಟ ಮಡಿಸಿದಿರಿ ಎಂದು ಅಲ್ಲೇ ಗೊತ್ತಾಗುತ್ತದೆ. ಪ್ರತಿ ಕಿಕ್ಕಿನ ಕೊನೆಗೆ ಕಾಲುಗಳನ್ನು ಕೂಡಿಸಿ, ಪಾದ ಚಾಚಿ, ಎರಡು ಎಣಿಸುವವರೆಗೆ ತೇಲಿ. ಆ ದೊಡ್ಡ ನೂಕು ದೂರವಾಗಿ ಪರಿವರ್ತನೆಯಾಗುವುದು ಆ ತೇಲುವಿಕೆಯಲ್ಲೇ. ಅರ್ಧ ಬಲದಲ್ಲಿ, ದಿನಕ್ಕೆ 100 ಮೀಟರ್ ಮೀರದಂತೆ ಎರಡು ವಾರ ಮಾಡಿ ಆಮೇಲೆ ಬೋರ್ಡ್ ಹಿಡಿದು ಎಣಿಸಿ. ಲೆಕ್ಕ 20ರ ಸಮೀಪ ಬಂದು ಮಂಡಿ ಸುಮ್ಮನಿದ್ದರೆ ಹುಟ್ಟು ತಯಾರಾಗಿದೆ. ಲೆಕ್ಕ ಇಳಿದರೂ ನೋವು ಉಳಿದಿದ್ದರೆ, ಅಥವಾ ಮಂಡಿಯ ಒಳಬದಿಯನ್ನು ಬೆರಳಿನಿಂದ ಒತ್ತಿದಾಗ ಒಂದು ಜಾಗ ಚುರುಕ್ಕೆನ್ನುತ್ತಿದ್ದರೆ, ಮೂಳೆತಜ್ಞರಿಗೆ ತೋರಿಸುವವರೆಗೆ ಈ ಕಿಕ್ ಬಿಟ್ಟು ನಿಮ್ಮ ಫ್ಲಟರ್ ಕಿಕ್ಕಿನಲ್ಲೇ ಈಜಿ. ಅದರಲ್ಲಿ ಮಂಡಿ ಅಡ್ಡಕ್ಕೆ ಎಳೆಸಿಕೊಳ್ಳುವುದಿಲ್ಲ.

— ಸಂಪಾದಕ