ಕೌದಿ ಒಳಗೆ, ಡುವೆ ಮೇಲೆ

"ಅಕ್ಕಾ, ನವೆಂಬರ್ ಎರಡನೇ ವಾರ ಇಂಗ್ಲೆಂಡ್‌ನ ಲೀಡ್ಸ್‌ಗೆ ಬರ್ತಿದ್ದೀವಿ. ನಾನು, ನಮ್ಮವರು, ಐದು ವರ್ಷದ ಮಗಳು. ಅತ್ತೆ ಎರಡು ಕೌದಿ, ಒಂದು ಕಂಬಳಿ ತೆಗೆದಿಟ್ಟಿದ್ದಾರೆ. ಅವನ್ನೇ ತರಲಾ, ಇಲ್ಲಾ ಅಲ್ಲಿಯವರು ಹೊದೆಯೋ ಉಬ್ಬಿದ ಹೊದಿಕೆ, ಡುವೆ, ಅದನ್ನೇ ಕೊಳ್ಳಲಾ? 10.5 ಟಾಗ್, 13.5 ಟಾಗ್ ಅಂತ ಬರೆದಿರುತ್ತಾರಲ್ಲ, ಏನದು? ಮನೆಯಲ್ಲೇ ಒಗೆಯೋಕೆ ಬರುವಂಥದ್ದು ಯಾವುದು? ಕುಕ್ಕರ್ ತರಬೇಕಾ? ಶಾಲೆ ಹೇಗೆ?"

ಅಕ್ಕಾ ಅಂದಿದ್ದೀಯ, ಅದಕ್ಕೇ ನೀನು ಅಂತಲೇ ಬರೀತೀನಿ. ಕುಕ್ಕರ್ ಇಲ್ಲೂ ಸಿಗುತ್ತೆ, ನಿನ್ನದನ್ನೇ ತರೋದಾದರೆ ಎರಡು ಗ್ಯಾಸ್ಕೆಟ್ ಜೊತೆಗಿರಲಿ. ಶಾಲೆಗೆ ಮನೆ ವಿಳಾಸ ಖಾತ್ರಿಯಾದ ದಿನವೇ ಅರ್ಜಿ ಹಾಕು, ಉಳಿದದ್ದು ಬಂದ ಮೇಲೆ ಮಾತಾಡೋಣ. ಹಾಸಿಗೆ ವಿಷಯ ಮಾತ್ರ ಉದ್ದಕ್ಕೆ ಬರೀತೀನಿ. ಅದರಲ್ಲಿ ನಾನು ಪೆಟ್ಟು ತಿಂದವಳು.

2004ರ ಅಕ್ಟೋಬರ್‌ನಲ್ಲಿ ಧಾರವಾಡದಿಂದ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಅರ್ಧ ಜಾಗ ಅಜ್ಜಿಯ ಕೌದಿಗೇ ಹೋಗಿತ್ತು. ಏಳು ಪದರ ಹಳೇ ಸೀರೆ, ಮೇಲೆ ಒಂದು ಇಳಕಲ್ ಸೀರೆ. ಮೂರೂವರೆ ಕಿಲೋ ತೂಕ. ಇಷ್ಟು ಭಾರ ಇದೆ, ಯಾವ ಚಳಿಗೂ ಸಾಕು ಅಂದುಕೊಂಡಿದ್ದೆ. ಮೊದಲ ರಾತ್ರಿಯೇ ಗೊತ್ತಾಯ್ತು. ರಾತ್ರಿ ಹೀಟಿಂಗ್ ಆರಿಸಿದರೆ ಬೆಳಗಿನ ಜಾವ ನಮ್ಮ ಕೋಣೆ 12 ಡಿಗ್ರಿಗೆ ಇಳೀತಿತ್ತು. ಮೈಮೇಲೆ ಭಾರ ಇತ್ತು, ಬೆಚ್ಚಗೆ ಇರಲಿಲ್ಲ.

ಬಟ್ಟೆ ತಾನಾಗಿ ಬಿಸಿ ಕೊಡೋದಿಲ್ಲ. ಅದರೊಳಗೆ ಅಲುಗಾಡದೆ ನಿಂತ ಗಾಳಿ ನಮ್ಮ ಮೈಯ ಬಿಸಿಯನ್ನು ಹೊರಗೆ ಬಿಡದೆ ತಡೆಯುತ್ತೆ, ಅಷ್ಟೇ. ಕೌದಿಯಲ್ಲಿ ಪದರಗಳನ್ನು ಒತ್ತೊತ್ತಾಗಿ ಹೊಲಿದಿರುತ್ತಾರೆ, ಗಾಳಿಗೆ ಜಾಗ ಕಡಿಮೆ. ಧಾರವಾಡದ ಚಳಿಗೆ ಅದು ಸಾಕು, ಇಲ್ಲಿ ಯಾರ್ಕ್‌ಷೈರ್‌ನ ಜನವರಿಗೆ ಸಾಲದು. ಡುವೆ ಅಂದರೆ ಉಬ್ಬಿದ ಚೀಲ, ತುಂಬಾ ಗಾಳಿಯೇ. ಆ ತಡೆಯುವ ಶಕ್ತಿಯ ಅಳತೆಗೇ ಟಾಗ್ ಅನ್ನೋದು. 1940ರ ದಶಕದಲ್ಲಿ ಮ್ಯಾಂಚೆಸ್ಟರ್‌ನ ಶರ್ಲಿ ಇನ್‌ಸ್ಟಿಟ್ಯೂಟ್ ಅನ್ನೋ ಜವಳಿ ಸಂಶೋಧನಾ ಸಂಸ್ಥೆಯವರು ಮಾಡಿದ ಲೆಕ್ಕ ಅದು. ಟಾಗ್‌ಗೂ ತೂಕಕ್ಕೂ ಸಂಬಂಧ ಇಲ್ಲ, ಇದನ್ನು ನೆನಪಿಟ್ಟುಕೋ. ಒಂದೇ 13.5 ಟಾಗ್‌ನ ಎರಡು ಡುವೆಗಳಲ್ಲಿ ಒಂದು ಇನ್ನೊಂದಕ್ಕಿಂತ ತುಂಬಾ ಭಾರ ಇರಬಹುದು, ಬೆಚ್ಚಗಿರೋದು ಎರಡೂ ಹೆಚ್ಚುಕಡಿಮೆ ಒಂದೇ.

4.5 ಬೇಸಿಗೆಗೆ. ರಾತ್ರಿಯೂ ಮನೆ ಬೆಚ್ಚಗಿರುತ್ತೆ ಅನ್ನೋ ಹಾಗಿದ್ದರೆ 10.5 ಸಾಕು. ಹಳೇ ಇಟ್ಟಿಗೆ ಮನೆ, ರಾತ್ರಿ ಹೀಟಿಂಗ್ ಆರಿಸೋ ಜನ ಅಂದರೆ 13.5. ಹೊಸಬರು ಬಿಲ್ ನೋಡಿ ಆರಿಸೇ ಆರಿಸ್ತಾರೆ, ನಾವೂ ಆರಿಸಿದ್ದೆವು. ನನ್ನ ಕೇಳಿದರೆ 4.5 ಮತ್ತು 9 ಎರಡನ್ನೂ ಗುಂಡಿ ಹಾಕಿ ಜೋಡಿಸುವಂಥದ್ದು ತಗೋ. ಜೋಡಿಸಿದರೆ 13.5 ಆಯ್ತು. ಒಗೆಯುವಾಗ ಬಿಡಿಬಿಡಿಯಾಗಿ ಹಾಕಬಹುದು, ಅದೇ ಅದರ ದೊಡ್ಡ ಲಾಭ. ಮಗಳಿಗೆ ದೊಡ್ಡವರಷ್ಟು ಟಾಗ್ ಬೇಡ, ಮಕ್ಕಳು ಬೆವರಿ ಒದ್ದು ಬಿಸಾಡ್ತಾರೆ.

ಈಗ ಒಳಗೆ ತುಂಬೋದು. ಅಗ್ಗದ್ದು ಹಾಲೋಫೈಬರ್. ಪಾಲಿಯೆಸ್ಟರ್ ಎಳೆ, ಒಳಗೆ ಕೊಳವೆಯ ಹಾಗೆ ಟೊಳ್ಳು. ನಾವು ಮೊದಲು ಕೊಂಡದ್ದೂ ಅದನ್ನೇ. ಬೆಚ್ಚಗಿರುತ್ತೆ, ಮಷಿನ್‌ನಲ್ಲಿ ಒಗೆಯಬಹುದು, ಬೇಗ ಒಣಗುತ್ತೆ. ನಿಮ್ಮವರಿಗೆ ಧೂಳಿನ ಅಲರ್ಜಿ ಇದ್ದರೆ, ಚೀಟಿಯಲ್ಲಿ 60 ಡಿಗ್ರಿ ಅಂತಿರೋದನ್ನು ಹುಡುಕು, ಆ ಬಿಸಿಗೆ ಧೂಳಿನ ಹುಳ ಸಾಯುತ್ತೆ. ಕೆಲವೇ ವರ್ಷಕ್ಕೆ ಚಪ್ಪಟೆಯಾಗಿ ಅಲ್ಲಲ್ಲಿ ಗಂಟು ಕಟ್ಟೋದು ಅದರ ದೋಷ. ಬೆಳಕಿಗೆ ಹಿಡಿದು ನೋಡು, ನಡುವೆ ಖಾಲಿ ಕಿಟಕಿಗಳ ಹಾಗೆ ಕಂಡರೆ ಅದರ ಆಯುಷ್ಯ ಮುಗೀತು ಅಂತ. ಮೈಕ್ರೋಫೈಬರ್ ಅಂತ ಇನ್ನೂ ಸಣ್ಣ ಎಳೆಯದು ಬರುತ್ತೆ, ಮೆತ್ತಗಿರುತ್ತೆ.

ಹಕ್ಕಿಯ ಪುಕ್ಕದ್ದು, ಅದರಲ್ಲೂ ಬಾತುಕೋಳಿಯ ಎದೆಯ ನವಿರು ತುಪ್ಪಳದ್ದು ಎಲ್ಲಕ್ಕಿಂತ ಹಗುರ. ಹೊದ್ದದ್ದೇ ಗೊತ್ತಾಗೋದಿಲ್ಲ. ನಮ್ಮ ಅಮ್ಮ ಮಾತ್ರ ಅದೇನು ಅಂತ ತಿಳಿದ ಮೇಲೆ ಮುಟ್ಟಲಿಲ್ಲ, ಮೂರು ತಿಂಗಳೂ ಸ್ವೆಟರ್ ಹಾಕಿಕೊಂಡೇ ಮಲಗಿದರು. ನಿಮ್ಮ ಅತ್ತೆ ಬಂದಾಗ ಹೀಗಾಗಬಹುದು, ಈಗಲೇ ಯೋಚನೆ ಮಾಡು. ಉಣ್ಣೆ ತುಂಬಿದ್ದಾದರೆ ಆ ತಕರಾರಿಲ್ಲ. ಉಣ್ಣೆಗೆ ಒಂದು ಗುಣ ಇದೆ, ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಒದ್ದೆ ಅನಿಸೋದಿಲ್ಲ, ಬೆವರುವವರಿಗೆ ಹಿತ. ಆದರೆ ಬಿಸಿ ನೀರಲ್ಲಿ ತಿರುಗಿಸಿದರೆ ಕುಗ್ಗಿ ಗಟ್ಟಿಯಾಗುತ್ತೆ, ನುಸಿಯೂ ಹಿಡಿಯುತ್ತೆ. ಊರಲ್ಲಿ ಕಂಬಳಿಯನ್ನು ಒಗೆಯದೆ ಬಿಸಿಲಿಗೆ ಹಾಕಿ ಕೊಡವ್ತಿದ್ದರಲ್ಲ, ಇದಕ್ಕೂ ಅದೇ ಕ್ರಮ.

ಒಗೆಯೋದೇ ಎಲ್ಲರೂ ಎಡವುವ ಜಾಗ. ಮಷಿನ್ ಮೇಲೆ 8 ಕಿಲೋ ಅಂತ ಬರೆದಿರುತ್ತೆ, ಡುವೆ ಎರಡೂವರೆ ಕಿಲೋ, ಆರಾಮ ಹಿಡಿಸುತ್ತೆ ಅಂದುಕೊಳ್ತೀವಿ. ಆ 8 ಕಿಲೋ ಹತ್ತಿ ಬಟ್ಟೆಯ ಲೆಕ್ಕ, ಉಬ್ಬಿದ್ದರ ಲೆಕ್ಕ ಅಲ್ಲ. ಡುವೆ ತುಂಬಿದ ಮೇಲೆ ಮೇಲ್ಗಡೆ ಅಂಗೈ ಒಳಗೆ ಹೋಗೋವಷ್ಟು ಜಾಗ ಇಲ್ಲದಿದ್ದರೆ ಹಾಕಲೇಬೇಡ. ನೀರು ನಡುವಿನವರೆಗೂ ಹೋಗೋದಿಲ್ಲ, ಸೋಪು ಅಲ್ಲೇ ಉಳಿಯುತ್ತೆ. ದುಡ್ಡು ಹಾಕಿ ನಾವೇ ಮಷಿನ್ ಬಳಸೋ ಅಂಗಡಿ ಇರುತ್ತೆ, ಲಾಂಡ್ರೆಟ್ ಅಂತ. ದೊಡ್ಡ ಡ್ರಮ್ ಇರೋ ಅಂಥ ಕಡೆಗೆ ಒಯ್ಯಿ.

ಕಳೆದ ಮೇ ತಿಂಗಳು ನಮ್ಮ ಕಿಂಗ್ ಸೈಜ್ ಪುಕ್ಕದ ಡುವೆಯನ್ನು ಹಾಗೇ ಒಯ್ದೆ. ಒಯ್ಯುವ ಮೊದಲು ಪೆಟ್ಟಿಗೆ ತೂಗುವ ಕೈತಕ್ಕಡಿಗೆ ಸಿಕ್ಕಿಸಿ ತೂಗಿದೆ, 2.1 ಕಿಲೋ. ಹೊಲಿಗೆ ಎಲ್ಲೂ ಬಿಟ್ಟಿಲ್ಲ ಅಂತ ಬೆರಳಾಡಿಸಿ ನೋಡಿದೆ. ಒಂದು ಹೊಲಿಗೆ ಬಿಟ್ಟಿದ್ದರೆ ಲಾಂಡ್ರೆಟ್ ತುಂಬ ಪುಕ್ಕ ಹಾರಾಡ್ತಿತ್ತು. 30 ಡಿಗ್ರಿ, ಯಾವಾಗಲೂ ಹಾಕೋದರ ಅರ್ಧ ಸೋಪು, ಮೆದು ಮಾಡುವ ದ್ರಾವಣ ಬೇಡವೇ ಬೇಡ, ಎರಡು ಸಲ ಜಾಲಿಸಿದ್ದು. ಹೊರಗೆ ತೆಗೆದಾಗ ಒದ್ದೆ ಕೋಳಿಯ ವಾಸನೆ, ಪುಕ್ಕವೆಲ್ಲ ಮುದ್ದೆ ಮುದ್ದೆ. ಕೆಟ್ಟೇ ಹೋಯ್ತು ಅಂತ ಹೆದರಬೇಡ, ಹಾಗೇ ಇರುತ್ತೆ. ಡ್ರೈಯರ್‌ನಲ್ಲಿ ಕಡಿಮೆ ಬಿಸಿಗೆ ಇಟ್ಟು, ಎರಡು ಸ್ವಚ್ಛ ಟೆನಿಸ್ ಚೆಂಡು ಹಾಕಿದೆ, ಅವು ಬಡಿದು ಮುದ್ದೆ ಒಡೆಯುತ್ತವೆ. ಅರ್ಧ ಗಂಟೆಗೊಮ್ಮೆ ತೆಗೆದು ಕೊಡವಿದೆ. ಎರಡು ಗಂಟೆಗೆ ಮುಟ್ಟಿದರೆ ಒಣಗಿದ ಹಾಗೇ ಇತ್ತು, ತೂಗಿದರೆ 2.4. ಅಂದರೆ ಒಳಗೆ ಇನ್ನೂ ಮುನ್ನೂರು ಗ್ರಾಂ ನೀರು. ಮತ್ತೆ ಒಂದು ಗಂಟೆಗೂ ಮೇಲೆ ಹಾಕಿದ ಮೇಲೆ 2.1ಕ್ಕೆ ಬಂತು. ಕೈ ಮೋಸ ಮಾಡುತ್ತೆ, ತಕ್ಕಡಿ ಮಾಡೋದಿಲ್ಲ.

ಈ ತಕ್ಕಡಿ ಬುದ್ಧಿ ನನಗೆ 2006ರಲ್ಲಿ ಇರಲಿಲ್ಲ. ಜನವರಿ. ಕೌದಿ ಮೇಲೆ ಹಾಲು ಚೆಲ್ಲಿತು. ಊರಲ್ಲಾಗಿದ್ದರೆ ಹೊಳೆಗೆ ಒಯ್ದು ಇಬ್ಬರು ಹಿಂಡಿ ಬಂಡೆ ಮೇಲೆ ಹರವಿದರೆ ಸಂಜೆಗೆ ಗರಿಗರಿ. ನಾನು ಬಾಡಿಗೆ ಮನೆಯ ಸಣ್ಣ ಮಷಿನ್‌ಗೆ ತುರುಕಿದೆ. ನೀರು ಕುಡಿದ ಕೌದಿ ಒಂದೇ ಕಡೆ ಮುದ್ದೆಯಾಗಿ, ತೂಕ ಸಮ ಸಿಗದೆ ಮಷಿನ್ ಹಿಂಡೋದಕ್ಕೇ ಒಪ್ಪಲಿಲ್ಲ. ತೊಟ್ಟಿಕ್ಕುತ್ತಾ ಇದ್ದದ್ದನ್ನು ಬಾಗಿಲ ಮೇಲೆ, ಹೀಟರ್ ಪಕ್ಕ ಹಾಕಿದೆ. ಚಳಿ ಅಂತ ಕಿಟಕಿ ತೆರೆಯಲಿಲ್ಲ. ಆ ನೀರೆಲ್ಲ ಗಾಳಿಗೆ ಏರಿ ಕಿಟಕಿ ಗಾಜಿನ ಮೇಲೆ ಇಳೀತಿತ್ತು, ಬೀರು ಹಿಂದಿನ ಗೋಡೆ ಕಪ್ಪಗಾಯ್ತು. ಆರನೇ ದಿನ ಮುಟ್ಟಿ ನೋಡಿ ಒಣಗಿದೆ ಅಂತ ಮಡಚಿ ಬೀರುವಿನಲ್ಲಿಟ್ಟೆ. ಮೇಲಿನ ಇಳಕಲ್ ಒಣಗಿತ್ತು. ಒಳಗಿನ ಪದರ ಒಣಗಿರಲಿಲ್ಲ.

ಎರಡು ವಾರಕ್ಕೆ ತೆಗೆದಾಗ ಮುಗ್ಗಲು ವಾಸನೆ, ಉದ್ದಕ್ಕೂ ಕಪ್ಪು ಚುಕ್ಕೆ. ಬ್ಲೀಚ್‌ನಲ್ಲಿ ನೆನೆಸಿದೆ. ಸವೆದ ಹಳೇ ನೂಲು ಅದನ್ನು ತಡೆಯಲಿಲ್ಲ, ಎತ್ತಿದರೆ ಹೊಲಿಗೆಯ ಸಾಲಿನುದ್ದಕ್ಕೂ ಪರ್ ಅಂತ ಬಿಟ್ಟುಕೊಂಡಿತು. ಕಪ್ಪು ಚೀಲಕ್ಕೆ ಹಾಕಿ ಕಸದ ಡಬ್ಬಿಗೆ ಹಾಕಿದೆ. ಅಜ್ಜಿ 2011ರವರೆಗೂ ಇದ್ದಳು. ಫೋನ್ ಮಾಡಿದಾಗೆಲ್ಲ "ಕೌದಿ ಚಲೋ ಐತಿಲ್ಲ? ಹೊಚ್ಚಿಕೊಂತೀಯಿಲ್ಲ?" ಅಂತ ಕೇಳ್ತಿದ್ದಳು. ಚಲೋ ಐತಿ ಅಜ್ಜಿ ಅಂತಿದ್ದೆ. ಒಮ್ಮೆ, ಹರಿದಿದ್ರ ಕಳಿಸು, ಹೊಲದ್ ಕೊಡ್ತೀನಿ ಅಂದಳು. ಅದಕ್ಕೆ ಏನು ಉತ್ತರ ಕೊಟ್ಟೆನೋ ಈಗ ನೆನಪಿಲ್ಲ.

ಹಾಗಂತ ಕೌದಿ ತರಬೇಡ ಅನ್ನೋದಿಲ್ಲ. ಎರಡರಲ್ಲಿ ಒಂದು ತಾ, ಕಂಬಳಿ ಅತ್ತೆಗೇ ಇರಲಿ. ಹೊರಡುವ ಮುಂಚೆ ಅಲ್ಲಿಯ ಬಿಸಿಲಲ್ಲೇ ಒಗೆದು ಒಣಗಿಸಿ, ತೂಗಿ, ತೂಕ ಬರೆದಿಟ್ಟುಕೋ. ಇಲ್ಲಿ ಒಗೆಯೋದಾದರೆ ಮೇ ಜೂನ್‌ನಲ್ಲಿ, ಗಾಳಿ ಇರೋ ದಿನ ಮಾತ್ರ. ಚಳಿಗಾಲದಲ್ಲಿ ಕಲೆಯಾದರೆ ಅಷ್ಟು ಜಾಗವನ್ನೇ ಒದ್ದೆ ಬಟ್ಟೆಯಿಂದ ಒರೆಸು. ಅದಕ್ಕೊಂದು ಹತ್ತಿ ಕವರ್ ಹೊಲಿಸಿಕೊಂಡರೆ ಅರ್ಧ ತಲೆನೋವು ತಪ್ಪುತ್ತೆ.

ಹೊದೆಯುವಾಗ ಕೌದಿಯನ್ನು ಡುವೆಯ ಮೇಲೆ ಹಾಕಬೇಡ. ಆ ಭಾರಕ್ಕೆ ಡುವೆ ಅಮುಕಿ ಗಾಳಿ ಹೋಗುತ್ತೆ, ಎರಡಿದ್ದೂ ಚಳಿ. ಮೈಗೆ ಕೌದಿ, ಅದರ ಮೇಲೆ ಡುವೆ. ಇಲ್ಲಾ ಕೌದಿಯನ್ನು ಹಾಸಿಗೆ ಮೇಲೆ ಹಾಸಿ ಅದರ ಮೇಲೆ ಮಲಗು, ಕೆಳಗಿನಿಂದ ಹೋಗುವ ಬಿಸಿಯೂ ಉಳಿಯುತ್ತೆ. ಡುವೆ ಮಾತ್ರ ಮಂಚಕ್ಕಿಂತ ಒಂದು ಅಳತೆ ದೊಡ್ಡದು ತಗೋ. ಡಬಲ್ ಮಂಚಕ್ಕೆ ಕಿಂಗ್, 225ಕ್ಕೆ 220 ಸೆಂಟಿಮೀಟರ್. ಇಲ್ಲದಿದ್ದರೆ ರಾತ್ರಿಯೆಲ್ಲ ಗಂಡ ಹೆಂಡತಿಯ ಎಳೆದಾಟ.

ಇನ್ನೊಂದು ಮಾತು. ಫರ್ನಿಶ್ಡ್ ಮನೆ ಅಂದರೆ ಮಂಚ, ಹಾಸಿಗೆ ಇರುತ್ತೆ, ಸಾಮಾನ್ಯವಾಗಿ ಹೊದೆಯೋದು ಇರೋದಿಲ್ಲ. ನಮಗೆ ಯಾರೂ ಹೇಳಿರಲಿಲ್ಲ. ನೀವು ಮನೆ ಮುಟ್ಟೋ ಹೊತ್ತಿಗೆ ಕತ್ತಲಾಗಿ ಅಂಗಡಿ ಮುಚ್ಚಿರಬಹುದು. ಅದಕ್ಕೇ ಕೌದಿ ಪೆಟ್ಟಿಗೆಯ ತಳದಲ್ಲಿ ಬೇಡ, ಕೈಗೆ ಸಿಗುವ ಚೀಲದಲ್ಲಿರಲಿ. ಮಗಳನ್ನು ನಡುವೆ ಹಾಕಿಕೊಂಡು, ಸ್ವೆಟರ್ ತೊಟ್ಟು, ಆ ಒಂದು ರಾತ್ರಿ ಮೂವರೂ ಅದರೊಳಗೇ ಮಲಗಿ. ಡುವೆ ಮರುದಿನ ತಂದರಾಯ್ತು.