ಹಾವಿನ ಕನಸಿಗೆ ಅರ್ಥಗಳ ಪಟ್ಟಿ ಬೇಡ

"ತಂಗಿಗೆ ಪದೇ ಪದೇ ಹಾವಿನ ಕನಸು. ಕನಸಿನ ಅರ್ಥ ಹೇಳೋ ಪುಸ್ತಕದಲ್ಲಿ ಹಾವು ಅಂದ್ರೆ ಶತ್ರು ಅಂತಿದೆ, ಅವಳು ಅಲ್ಲ ಅಂತಾಳೆ. ಹೇಗೆ ಕೇಳಲಿ?"

ಅರ್ಥವನ್ನು ನೀವೇ ಮೊದಲು ಹೇಳಿಬಿಟ್ಟಿದ್ದೀರಿ, ತೊಡಕು ಅಲ್ಲೇ ಇರಬೇಕು. ಕನಸನ್ನು ಈಗ ನಡೆಯುತ್ತಿರುವಂತೆ ಹೇಳಿಸಿ. ಆಮೇಲೆ "ಹಾವು ಅಂದ್ರೇನು ಅಂತಲೇ ನನಗೆ ಗೊತ್ತಿಲ್ಲ ಅಂದ್ಕೋ, ಆ ಹಾವು ಹೇಗಿತ್ತು ಹೇಳು" ಅನ್ನಿ. ನನ್ನ ಗೆಳತಿಯನ್ನು ನಾನು ಹೀಗೆ ಕೇಳಿದಾಗ, "ಅಡುಗೆಮನೆ ಮೂಲೇಲಿ ಸುಮ್ನೆ ಸುತ್ತಿಕೊಂಡಿತ್ತು, ಯಾರೂ ಮಾತಾಡಿಸ್ತಿರಲಿಲ್ಲ" ಅಂದಳು. ಹಾವನ್ನು ಯಾರಾದರೂ ಮಾತಾಡಿಸ್ತಾರಾ! ಆ ಪದವನ್ನೇ ಹಿಡಿದು, "ಮಾತಾಡಿಸದೆ ಇರೋದು ಅಂದ್ರೆ ಏನು ನೆನಪಾಗುತ್ತೆ?" ಎಂದೆ. ಅವಳಿಗೆ ಅಜ್ಜಿ ನೆನಪಾದರು.

ಮಾತು ಎಲ್ಲೆಲ್ಲಿಗೋ ಹೋದರೆ ಮತ್ತೆ ಹಾವಿಗೇ ಕರೆತನ್ನಿ. ಮನೋವೈದ್ಯ ಕಾರ್ಲ್ ಯೂಂಗ್ ಕೂಡ ಹೀಗೆ ಕನಸಿನ ಚಿತ್ರಕ್ಕೇ ಮರಳುತ್ತಿದ್ದರು. ನೀವು ಒಂದು ಅರ್ಥ ಸೂಚಿಸಿದಾಗ ಅವಳು "ಇರಬಹುದೇನೋ" ಅಂದರೆ ಅದು ಒಪ್ಪಿಗೆಯಲ್ಲ, ಆ ಅರ್ಥ ಬಿಟ್ಟುಬಿಡಿ. ಅವಳೇ ತಟ್ಟನೆ ಇನ್ನೊಂದು ನೆನಪು ಸೇರಿಸಿದರೆ ಮುಂದುವರಿಯಿರಿ. ಆಗಲೂ ಅದೇ ಅರ್ಥ ಅಂತ ಖಚಿತವಾಗಿ ಹೇಳೋಕಾಗಲ್ಲ.